ಕೆಪಾಸಿಟಿ ಇದ್ದ ಹುಡುಗ

ಮಂಗಳೂರಿನ ಉರ್ವದ ಶಾಮಿಯಾನ ಮುಖೇಶನಿಗೆ ಗೊತ್ತಿಲ್ಲದ ವಿಷಯ ಒಂದೂ ಇರಲಿಲ್ಲ. ಕಂಬ ಎಲ್ಲಿ ನೆಡಬೇಕು, ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎನ್ನುವುದು ಅವನ ಕಸುಬು, ಅದು ಗೊತ್ತಿರಲೇಬೇಕು. ಯಾರ ಸಕ್ಕರೆ ಕಾಯಿಲೆಗೆ ಯಾವ ಸೊಪ್ಪು, ಯಾರ ಮಗನನ್ನು ಹೇಗೆ ಬೆಳೆಸಬೇಕು, ಇದೆಲ್ಲವೂ ಅವನಿಗೆ ಗೊತ್ತಿತ್ತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು ಊರಲ್ಲಿ ಬೇಕಾದಷ್ಟು ಇದ್ದಾರೆ. ಮುಖೇಶ ಮೊಲ ಹಿಡಿಯದೆಯೇ ಕಾಲು ಎಣಿಸುವವನು.

ಅವನು ಮೊದಲ ಬಿಯರ್ ಕುಡಿದದ್ದು ದುಡಿಯಲು ಹೋದ ಬಹ್ರೈನಿನಲ್ಲಿ, ಇಪ್ಪತ್ತೇಳನೇ ವಯಸ್ಸಿನಲ್ಲಿ. ಅದಕ್ಕೆ ಮೊದಲು ಅವಕಾಶವೇ ಇರಲಿಲ್ಲ. ತಾಯಿ ಅಮ್ಮಣಿ ಅಂಥ ಹೆಂಗಸು: ಬಾಯಿಂದ ವಾಸನೆ ಬಂದ ದಿನ ಅನ್ನ ಇಲ್ಲ ಎಂದಿದ್ದಳು, ಹೇಳಿದರೆ ಮಾಡುವವಳು. ಆಕೆಯದು ಹಳೇ ಕಾಲದ ಬುದ್ಧಿ ಎಂದು ಮುಖೇಶ ಈಗಲೂ ನಗುತ್ತಿದ್ದ. ಊರಿಗೆ ಮರಳಿ, ಶಾಮಿಯಾನ, ಕುರ್ಚಿ, ಟೆಂಪೋ ಎಲ್ಲ ಮಾಡಿಕೊಂಡ ಮೇಲೆ ಶನಿವಾರ ಎರಡು ಪೆಗ್, ಜೊತೆಗೆ ಬಂಗುಡೆ ಫ್ರೈ. ಮೂರನೆಯದಕ್ಕೆ ಕಣ್ಣು ಎಳೆಯುತ್ತಿತ್ತು, ಹೋಗಿ ಮಲಗುತ್ತಿದ್ದ. ಇದನ್ನು ಅವನು ನಿದ್ದೆ ಎನ್ನುತ್ತಿರಲಿಲ್ಲ, ಕಂಟ್ರೋಲ್ ಎನ್ನುತ್ತಿದ್ದ.

ಮದುವೆಯ ಹಿಂದಿನ ದಿನದ ಮೆಹಂದಿ ಈಗ ಎಲ್ಲರ ಮನೆಯಲ್ಲೂ ಉಂಟಲ್ಲ. ಎದುರು ಹೆಣ್ಣುಮಕ್ಕಳು, ಡಿಜೆ, ಕೋಳಿ ಸುಕ್ಕ; ಹಿಂದೆ, ಶಾಮಿಯಾನದ ಪರದೆಯ ಆಚೆ, ಗಂಡಸರು ಕುಡಿಯುವ ಕೌಂಟರ್. ಕುಟುಂಬದ ಯಾವ ಮೆಹಂದಿಯಾದರೂ ಕೌಂಟರ್ ಮುಖೇಶನದೇ. ಮಗ ಪ್ರೇಮ್ ಹತ್ತನೇ ತರಗತಿ ಪರೀಕ್ಷೆ ಮುಗಿಸಿದ ವರ್ಷ ಮುಖೇಶ ಅಲ್ಲೇ ಅವನ ಕೈಗೆ ಗ್ಲಾಸ್ ಕೊಟ್ಟ. ಹೆಂಡತಿ ವಾರಿಜಾ ಬೇಡ ಎಂದಳು.

"ಹೊರಗೆ ಕದ್ದು ಕುಡಿಯುವುದಕ್ಕಿಂತ ನಮ್ಮ ಎದುರೇ ಕುಡಿಯಲಿ," ಎಂದ ಮುಖೇಶ. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಲಿಮಿಟ್ ಕಲಿಸುವ ಪ್ರಾಯ ಇದೇ."

ಹುಡುಗ ಒಂದಲ್ಲ, ಮೂರು ಗ್ಲಾಸ್ ಇಳಿಸಿದ. ತೂರಾಡಲಿಲ್ಲ, ತೂಕಡಿಸಲಿಲ್ಲ, ಕೊನೆಯ ಹಾಡಿನವರೆಗೆ ಕುಣಿದ. ನಲವತ್ತು ದಾಟಿದ ಮಾವಂದಿರು ಕುರ್ಚಿಯಲ್ಲಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಎಚ್ಚರ ಇದ್ದ ಸೋದರಮಾವ ದೀಪೇಶ್, "ಕೆಪಾಸಿಟಿ ಉಂಟು ಮಾರಾಯ ನಿನ್ನ ಮಗನಿಗೆ!" ಎಂದ. ಮುಖೇಶನ ಎದೆ ಉಬ್ಬಿತು. ರ‍್ಯಾಂಕ್ ಬಂದಿದ್ದರೂ ಅಷ್ಟು ಉಬ್ಬುತ್ತಿರಲಿಲ್ಲವೇನೋ.

ಆಮೇಲೆ ಪ್ರತಿ ಮೆಹಂದಿಯಲ್ಲೂ ಪ್ರೇಮ್ ಇದ್ದ. ಆಮೇಲೆ ಅವನಿಗೆ ಮೆಹಂದಿಯೂ ಬೇಕಾಗಲಿಲ್ಲ. ಪಿಯುಸಿ ಎರಡನೇ ವರ್ಷದಲ್ಲಿ ಕಾಲೇಜಿಗೆ ಒಯ್ಯುವ ನೀರಿನ ಬಾಟ್ಲಿಯಲ್ಲಿ ವೋಡ್ಕಾ ಸಿಕ್ಕಿತು. ಬೆಳಿಗ್ಗೆ ಅದಿಲ್ಲದೆ ಕೈ ನಡುಗುತ್ತಿತ್ತು. ಕೊಡಿಯಾಲ್‌ಬೈಲ್‌ನ ಒಂದು ಆಸ್ಪತ್ರೆಯಲ್ಲಿ ಡಾಕ್ಟರು ಅಡ್ಮಿಟ್ ಮಾಡಿಕೊಂಡು, ಔಷಧಿ ಕೊಟ್ಟು ನಡುಕ ಇಳಿಸಿದರು. ಬಳಿಕ ಅಪ್ಪ ಅಮ್ಮನನ್ನು ಕೌನ್ಸೆಲರ್ ಅಶ್ಮಿತಾ ಬಳಿಗೆ ಕಳಿಸಿದರು.

ಅಲ್ಲಿ ಬಾಯಿ ಮುಚ್ಚಿ ಕೂರಬೇಕಾದವನು ಮುಖೇಶ. ಕೂರಲಿಲ್ಲ.

"ಕೆಟ್ಟ ಸಹವಾಸ ಮೇಡಂ. ಇಲ್ಲದಿದ್ರೆ ಮೊದಲ ದಿನವೇ ಮೂರು ಗ್ಲಾಸ್ ಕುಡಿದು ಸರಿ ನಿಂತ ಹುಡುಗ ಇವ. ಕೆಪಾಸಿಟಿ ಇದ್ದವ."

"ನನಗೆ ಹೆದರಿಕೆ ಆಗುವುದೇ ಆ ಮಾತು ಕೇಳಿ," ಎಂದಳು ಅಶ್ಮಿತಾ. "ನಮ್ಮಂಥ ದೊಡ್ಡವರಿಗೆ ಎರಡು ಪೆಗ್ ಆದ್ರೆ ನಿದ್ದೆ ಬರ್ತದೆ, ಕಾಲು ಸೋಲ್ತದೆ. ಸಾಕು ಅಂತ ಮೈಯೇ ಹೇಳ್ತದೆ. ಈ ಪ್ರಾಯದ ಮಕ್ಕಳಿಗೆ ಅದು ಅಷ್ಟು ಬೇಗ ಆಗುವುದಿಲ್ಲ. ಜನರ ಮಧ್ಯೆ ಸಿಗುವ ಖುಷಿ ಮಾತ್ರ ಜಾಸ್ತಿ ಆಗ್ತದೆ. ಹಾಗಾಗಿ ಇನ್ನೂ ಕುಡೀತಾರೆ. ನೀವು ಅದನ್ನು ಶಕ್ತಿ ಅಂದುಕೊಂಡ್ರಿ."

"ಬುದ್ಧಿ ಬೇಡವಾ ಅವನಿಗೆ? ಎಷ್ಟು ಹೇಳಿದ್ದೇನೆ ಲಿಮಿಟ್ ಅಂತ!"

"ಬುದ್ಧಿ ಉಂಟು. ಆದ್ರೆ ಬೇಡ, ಸಾಕು, ನಾಳೆ ಎಂತ ಆಗ್ತದೆ ಅಂತ ತಡೆಯುವ ಭಾಗ ಹಣೆಯ ಹಿಂದೆ ಉಂಟಲ್ಲ, ಅದು ಬೆಳೆದು ಮುಗಿಯುವಾಗ ಇಪ್ಪತ್ತೈದರ ಹತ್ತಿರ ಆಗ್ತದೆ. ಖುಷಿ ಹುಡುಕುವ ಭಾಗ ಮಾತ್ರ ಹದಿನೈದಕ್ಕೇ ಭಾರಿ ಚುರುಕು."

ಮುಖೇಶ ತನ್ನ ಗಾದೆ ತೆಗೆದ. ಗಿಡವಾಗಿ ಬಗ್ಗದ್ದು ಎಂದು ಶುರು ಮಾಡುವಷ್ಟರಲ್ಲಿ ಅಶ್ಮಿತಾ ತಲೆಯಾಡಿಸಿದಳು.

"ಗಾದೆ ಸರಿಯೇ ಉಂಟು. ಈ ಪ್ರಾಯದ ಮಿದುಳು ಎಂತದನ್ನೂ ಬೇಗ ಕಲೀತದೆ, ಗಟ್ಟಿಯಾಗಿ ಇಟ್ಟುಕೊಳ್ತದೆ. ಲೆಕ್ಕ ಕಲಿತ ಹಾಗೇ ಚಟವನ್ನೂ ಕಲೀತದೆ. ಬಗ್ಗಿಸಿದ ಕಡೆಗೆ ಬಗ್ತದೆ, ಅಷ್ಟೇ. ಎಲ್ಲ ಮಕ್ಕಳಿಗೂ ಹೀಗಾಗುವುದಿಲ್ಲ, ಆದ್ರೆ ಬೇಗ ಶುರು ಮಾಡಿದವರಿಗೆ ಅಪಾಯ ತುಂಬಾ ಜಾಸ್ತಿ. ಈಗ ಮನೆಯಲ್ಲಿ ಬಾಟ್ಲಿ ಬೇಡ. ಮೆಹಂದಿಗೆ ಇವನನ್ನು ಕರ್ಕೊಂಡು ಹೋಗ್ಬೇಡಿ. ಆ ಹಾಡು, ಆ ಗ್ಲಾಸ್, ಆ ವಾಸನೆ ಸಾಕು, ಆಸೆ ಎದ್ದು ಬರ್ತದೆ. ಈ ಸಲ ತಪ್ಪಿದ್ರೆ ಪರೀಕ್ಷೆ ಮಾತ್ರ ಅಲ್ಲ, ಹುಡುಗನೇ ಕೈ ತಪ್ಪಬಹುದು."

ಮುಖೇಶ ಕೇಳಿದ್ದು ಬಾಟ್ಲಿಯ ವಿಷಯ ಒಂದನ್ನೇ. ಮನೆಗೆ ಬಂದು, ಇದ್ದ ವಿಸ್ಕಿಯನ್ನೆಲ್ಲ ಸಿಂಕಿಗೆ ಸುರಿದ, ವಾರಿಜಾಳನ್ನು ಕರೆದು ತೋರಿಸಿಯೇ ಸುರಿದ. ಶನಿವಾರ ಬಂತು, ಹೋಯಿತು. ಬಂಗುಡೆಯನ್ನು ಎಳನೀರಿನ ಜೊತೆ ತಿಂದ. ಏನೂ ಆಗಲಿಲ್ಲ. ಇದರಿಂದ ಮನುಷ್ಯ ಏನಾದರೂ ಕಲಿಯಬೇಕಿತ್ತು. ಅವನು ಕಲಿತದ್ದು ತಾನು ಮಹಾಪುರುಷ ಎಂದು.

"ನೋಡು, ನಾನು ಒಂದೇ ದಿನಕ್ಕೆ ಬಿಟ್ಟೆ. ಗಂಡಸಾದವ ಹೀಗೆ ಬಿಡ್ಬೇಕು," ಎಂದು ಮಗನಿಗೆ ಊಟಕ್ಕೊಮ್ಮೆ ಹೇಳುತ್ತಿದ್ದ. ಪ್ರೇಮ್ ತಟ್ಟೆ ನೋಡುತ್ತಾ ಉಣ್ಣುತ್ತಿದ್ದ. ಅವನು ಬಿಟ್ಟೇ ಇದ್ದ, ಹಲ್ಲು ಕಚ್ಚಿಕೊಂಡು. ಅದು ಎಷ್ಟು ಕಷ್ಟ ಎಂದು ಅಪ್ಪನಿಗೆ ಹೇಳಿ ಪ್ರಯೋಜನ ಇಲ್ಲ ಎಂದು ಅವನಿಗೆ ಗೊತ್ತಿತ್ತು.

ಅಷ್ಟರಲ್ಲಿ ತೊಕ್ಕೊಟ್ಟಿನಲ್ಲಿ ದೀಪೇಶನ ಮಗಳ ಮೆಹಂದಿ ಬಂತು. ವಾರಿಜಾ ತಾನೂ ಮಗನೂ ಮನೆಯಲ್ಲೇ ಇರುತ್ತೇವೆ ಎಂದಳು. ಮುಖೇಶನಿಗೆ ಅದು ಅವಮಾನವಾಗಿ ಕಂಡಿತು. ಮಗನನ್ನು ಬಚ್ಚಿಟ್ಟರೆ ಕುಟುಂಬದವರು ಏನೆಂದುಕೊಳ್ಳುತ್ತಾರೆ? ಅದಕ್ಕಿಂತ ದೊಡ್ಡ ಉಪಾಯ ಅವನ ತಲೆಗೆ ಹೊಳೆಯಿತು. ಪ್ರೇಮನನ್ನೇ ಕೌಂಟರಿನಲ್ಲಿ ನಿಲ್ಲಿಸಿದ, ಸೋಡಾ ಹಾಕಲು. "ಕೈಯಲ್ಲಿ ಹಿಡಿದೂ ಕುಡಿಯದಿದ್ರೆ ಗೆದ್ದ ಹಾಗೆ," ಎಂದ. ಬೆಂಕಿ ಆರಿದೆಯೋ ಇಲ್ಲವೋ ನೋಡಲು ಅದಕ್ಕೆ ಸೀಮೆಎಣ್ಣೆ ಹೊಯ್ದು ನೋಡುವ ಬುದ್ಧಿವಂತಿಕೆ ಇದು.

ಡಿಜೆ ಶುರುವಾಗಿ ಇನ್ನೂ ಊಟಕ್ಕೆ ಕೂತಿರಲಿಲ್ಲ, ಕೌಂಟರಿನಲ್ಲಿ ಪ್ರೇಮ್ ಇಲ್ಲ. ಮುಖೇಶ ಹುಡುಕಿಕೊಂಡು ಹೋದರೆ, ಟೆಂಪೋದ ಹಿಂದೆ, ಮಡಚಿಟ್ಟ ಕುರ್ಚಿಗಳ ನಡುವೆ ಕೂತಿದ್ದ. ಅರ್ಧ ಬಾಟ್ಲಿ ಖಾಲಿಯಾಗಿತ್ತು. ಸೋಡಾ ಕೂಡ ಬೆರೆಸಿರಲಿಲ್ಲ. ಹುಡುಗ ಅಳುತ್ತಿದ್ದ.

ಹಿಂದಿನಿಂದ ದೀಪೇಶನೂ ಇನ್ನಿಬ್ಬರೂ ಬಂದರು. ಅವರ ಎದುರು ಮುಖೇಶನಿಗೆ ಮೈ ಉರಿಯಿತು. "ನಾಚಿಕೆ ಇಲ್ಲವಾ ನಿನಗೆ? ನಾನು ಬಿಡ್ಲಿಲ್ಲವಾ? ನನ್ನ ಮಗನಾಗಿ ನಿನಗೆ ಯಾಕೆ ಆಗುವುದಿಲ್ಲ?" ಎಂದು ಕೈ ಎತ್ತಿದ.

ಪ್ರೇಮ್ ತಪ್ಪಿಸಿಕೊಳ್ಳಲಿಲ್ಲ. ಮುಖ ಎತ್ತಿ ಅಪ್ಪನನ್ನೇ ನೋಡಿದ.

"ನಿಮಗೆ ಬಿಡ್ಲಿಕ್ಕೆ ಎಂತ ಇತ್ತು ಪಪ್ಪ? ಅದು ನಿಮ್ಮನ್ನು ಹಿಡಿದೇ ಇರ್ಲಿಲ್ಲ. ನನ್ನನ್ನು ಹಿಡಿಯುವಾಗ ನೀವು ಹತ್ತಿರವೇ ಇದ್ರಿ. ನಗ್ತಾ ಇದ್ರಿ."

ಎತ್ತಿದ ಕೈ ಎಲ್ಲಿಗೂ ಹೋಗಲಿಲ್ಲ. ದೀಪೇಶ್ ಕೆಮ್ಮಿ, ನೆಲ ನೋಡಿದ. "ಭಾವ, ಮಕ್ಕಳ ಮಾತು, ಬಿಡು," ಎಂದ ಮೆಲ್ಲಗೆ.

"ಇಲ್ಲ ಭಾವ," ಎಂದ ಮುಖೇಶ. "ಅವ ಹೇಳಿದ್ದು ಸರಿ ಉಂಟು."

ಕೌಂಟರನ್ನು ಹಾಗೇ ಬಿಟ್ಟು, ಮಗನ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿ ಟೆಂಪೋದಲ್ಲಿ ಕೂರಿಸಿದ. ಮರುದಿನ ಮದುವೆಯ ಮಂಟಪದಲ್ಲಿ ಅವರಿಬ್ಬರ ಕುರ್ಚಿ ಖಾಲಿ ಇತ್ತು. ಆ ಹೊತ್ತಿಗೆ ಮುಖೇಶ ಅಶ್ಮಿತಾಳ ಬಾಗಿಲ ಹೊರಗೆ ಪ್ರೇಮನ ಪಕ್ಕದಲ್ಲಿ ಕೂತು, ಒಳಗೆ ಹೋದ ಮೇಲೆ ಮೊದಲು ಯಾವ ಮಾತು ಹೇಳಬೇಕೆಂದು ಯೋಚಿಸುತ್ತಿದ್ದ.