ಕಾಫಿಯ ಬಿಸಿಗೆ ಹತ್ತು ಅಂಕ

ಮಧ್ಯಾಹ್ನ ಎರಡು ಗಂಟೆ ನಲವತ್ತು ನಿಮಿಷಕ್ಕೆ ರಸ್ತೆ ಕಡೆಯ ಗೋಡೆ ಪಕ್ಕದ ಟೇಬಲ್ಲಿಗೆ ಒಬ್ಬ ಬಂದು ಕೂತು, ಕೈಗಡಿಯಾರ ಬಿಚ್ಚಿ ಎದುರಿಗಿಟ್ಟುಕೊಂಡ. ಎಲ್ಲವೂ ಕೆಡಲು ಶುರುವಾದದ್ದು ಆಗಲೇ. ನಾನು ಗಲ್ಲಾದ ಮೇಲಿನ ಗಡಿಯಾರ ನೋಡಿದ್ದು ಅವನಿಗಾಗಿ ಅಲ್ಲ. ಎದುರಿನ ಕಾರ್ಖಾನೆಯ ಪಾಳಿ ಎರಡೂವರೆಗೆ ಬಿಡಬೇಕಿತ್ತು. ಇಷ್ಟು ಹೊತ್ತಿಗೆ ನಮ್ಮ ಹೋಟೆಲಿನಲ್ಲಿ ನಿಲ್ಲಲೂ ಜಾಗ ಇರುತ್ತಿರಲಿಲ್ಲ. ಅವತ್ತು ಅರ್ಧಕ್ಕಿಂತ ಹೆಚ್ಚು ಟೇಬಲ್ಲು ಖಾಲಿ.

ಎಂಬತ್ತರ ದಶಕದ ಮೊದಲ ವರ್ಷಗಳು. ಬಿ.ಎಸ್ಸಿ. ಮುಗಿಸಿ ಬೇರೆ ಕೆಲಸ ಸಿಗದೆ ಪೀಣ್ಯದ ಆ ಹೋಟೆಲಿಗೆ ಸೂಪರ್‌ವೈಸರ್ ಆಗಿ ಸೇರಿದ್ದೆ. ನಮ್ಮ ಮಾಲೀಕರಿಗೆ ಊರ ಹೊರಗಡೆಯೇ ಮೂರು ಹೋಟೆಲು. ಒಂದರಲ್ಲಿ ಸಿಕ್ಕ ಇಡ್ಲಿ, ಒಂದರಲ್ಲಿ ಸಿಕ್ಕ ಕಾಫಿ ಮೂರರಲ್ಲೂ ಹಾಗೇ ಇರಬೇಕು ಎಂಬುದು ಅವರ ಹಟ. ಅದಕ್ಕಾಗಿ ಗುಟ್ಟಾಗಿ ಗಿರಾಕಿಗಳನ್ನು ಕಳಿಸುತ್ತಿದ್ದರು. ಯಾರು, ಯಾವ ದಿನ, ಎಷ್ಟು ಹೊತ್ತಿಗೆ ಎಂದು ನನಗೂ ತಿಳಿಯುತ್ತಿರಲಿಲ್ಲ. ಆ ಗಿರಾಕಿ ಎಲ್ಲರಂತೆ ಕೂತು ತಿಂದು, ದುಡ್ಡು ಕೊಟ್ಟು, ಬಿಲ್ಲನ್ನು ಜೇಬಿಗಿಟ್ಟುಕೊಂಡು ಹೊರಗೆ ಹೋದ ಮೇಲೆ ಪಟ್ಟಿ ತುಂಬಬೇಕು. ಕೂತ ಎಷ್ಟು ಹೊತ್ತಿಗೆ ನೀರು ಬಂತು, ಟೇಬಲ್ಲು ಒರೆಸಿತ್ತೇ, ಸಪ್ಲೈಯರನ ಉಗುರು ಚೊಕ್ಕಟವಿತ್ತೇ, ಕೈ ತೊಳೆಯುವಲ್ಲಿ ಸೋಪಿತ್ತೇ, ಸಾಂಬಾರು ಬಿಸಿಯಿತ್ತೇ. ಕಡೆಯ ಸಾಲು ಕಾಫಿಯದು: ಐದು ನಿಮಿಷದೊಳಗೆ ಬರಬೇಕು, ಹಬೆಯಾಡಬೇಕು. ಅದೊಂದಕ್ಕೇ ಹತ್ತು ಅಂಕ. ಮೂರೂ ಹೋಟೆಲಿಗೆ ಅದೇ ಪಟ್ಟಿ, ಹಾಗಾಗಿ ಯಾವುದು ಹಿಂದೆ ಬಿದ್ದಿದೆ ಎಂದು ಮಾಲೀಕರಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತಿತ್ತು.

ಸಪ್ಲೈಯರುಗಳು ಈ ಗಿರಾಕಿಗೆ ಮಾವ ಎಂದು ಹೆಸರಿಟ್ಟಿದ್ದರು. ಒಬ್ಬನೇ ಬರುತ್ತಾನೆ, ಎಲ್ಲದರಲ್ಲೂ ಒಂದೊಂದು ತರಿಸುತ್ತಾನೆ, ಹೊತ್ತು ನೋಡುತ್ತಾನೆ, ತಿನ್ನುವ ಮೊದಲು ಸೋಪು ಹುಡುಕುತ್ತಾನೆ ಎಂದು ಲಕ್ಷಣಗಳನ್ನೂ ಕಂಡುಹಿಡಿದಿದ್ದರು. ಅಂಥವನು ಕಂಡ ಕೂಡಲೇ ಒಳಗೆ ಸುದ್ದಿ ಹೋಗುತ್ತಿತ್ತು.

ಈ ಪರೀಕ್ಷೆಯಲ್ಲಿ ನಮ್ಮ ಕಾಫಿ ಎರಡು ಸಲ ಬಿದ್ದಿತ್ತು. ಎರಡು ಸಲವೂ ಪಾಳಿ ಬಿಡುವ ಹೊತ್ತಿನಲ್ಲೇ. ಹಿಂದಿನ ವಾರ ಮಾಲೀಕರು ಬಂದು, ಇಪ್ಪತ್ತು ಜನರ ಎದುರಿಗೆ ಅಡುಗೆ ಮೇಸ್ತ್ರಿಗೆ ಹೇಳಿದ್ದರು, ಮೂರನೇ ಸಲ ಬಿದ್ದರೆ ಸೌಟು ಇಟ್ಟು ಮನೆಗೆ ಹೋಗಬಹುದು ಎಂದು. ಮೇಸ್ತ್ರಿ ಮಾದನಾಯಕನಹಳ್ಳಿ ಕಡೆಯವರು, ಐವತ್ತು ದಾಟಿದವರು, ಸೈಕಲ್ಲಿನಲ್ಲಿ ಬಂದು ಹೋಗುತ್ತಿದ್ದರು. ಅವತ್ತು ಅವರು ತಲೆ ತಗ್ಗಿಸಿ ಟವೆಲಿನಿಂದ ಕೈ ಒರೆಸುತ್ತಲೇ ಇದ್ದರು. ಕೈ ಒದ್ದೆಯಾಗಿರಲಿಲ್ಲ.

ಅಡುಗೆಮನೆಯ ಮೂಲೆಯಲ್ಲಿ ಸೌದೆ ಉರಿಯ ಒಂದು ಸ್ಟೀಮ್ ಬಾಯ್ಲರ್ ಇತ್ತು. ಇಡ್ಲಿ ಬೇಯುವುದಕ್ಕೂ ಕಾಫಿಯ ಹಾಲು ಕಾಯುವುದಕ್ಕೂ ಅದರದೇ ಹಬೆ. ಜನ ಒಟ್ಟಿಗೆ ನುಗ್ಗಿದಾಗ ಹಬೆ ಇಳಿದುಬಿಡುತ್ತಿತ್ತು, ಹಾಲು ಉಗುರುಬೆಚ್ಚಗೆ ಉಳಿಯುತ್ತಿತ್ತು. ಬಾಯ್ಲರಿನ ಮೇಲೆ ಒಂದು ಕಬ್ಬಿಣದ ಸನ್ನೆ, ಅದರ ತುದಿಗೆ ತೂಗುಬಿಟ್ಟ ಗುಂಡು. ಒಳಗೆ ಒತ್ತಡ ಹೆಚ್ಚಾದರೆ ಸನ್ನೆ ತಾನೇ ಎದ್ದು ಹಬೆಯನ್ನು ಹೊರಗೆ ಬಿಡುತ್ತಿತ್ತು. ಹಾವು ಬುಸುಗುಟ್ಟಿದ ಹಾಗೆ ಆ ಸದ್ದು ದಿನವಿಡೀ ನಮ್ಮ ಕಿವಿಯಲ್ಲಿರುತ್ತಿತ್ತು.

ಗಡಿಯಾರದವನನ್ನು ಕಂಡು ಸಪ್ಲೈಯರ್ ಒಳಗೆ ಹೋಗಿ ಹೇಳಿದ, “ಮೇಸ್ತ್ರಿ, ಮಾವ ಬಂದವ್ರೆ. ವಾಚ್ ಬೇರೆ ಬಿಚ್ಚಿ ಮಡಗವ್ರೆ, ಮದ್ವೆ ಮಾತುಕತೆಗೆ ಕೂತಂಗೆ.”

ನಾನೂ ಅವನ ಹಿಂದೆಯೇ ಹೋದೆ. ಮೇಸ್ತ್ರಿ ನಗಲಿಲ್ಲ. ಒಲೆಗೆ ಎರಡು ಸೌದೆ ತುರುಕಿ ನನ್ನ ಕಡೆ ತಿರುಗಿದರು.

“ಪಾಳಿ ಬುಟ್ಟಿಲ್ವಾ ಸಾರ್?”

“ಇನ್ನೂ ಇಲ್ಲ.”

“ಒಸಿ ನೋಡ್ಕಂಡ್ ಬನ್ನಿ. ಜನ ಬಂದ್ಮ್ಯಾಕೆ ಬಿಸಿ ಮಾಡಾಕೆ ಕುಂತ್ರೆ ಆಯ್ತು ನನ್ ಕತೆ.”

ಅಡುಗೆಮನೆ ಅವತ್ತು ತುಂಬ ಸದ್ದಿಲ್ಲದೆ ಇತ್ತು. ಇದು ಈಗ ಹೇಳುವ ಮಾತು. ಆಗ ನನಗೆ ಅನ್ನಿಸಿದ್ದು ಜನ ಇಲ್ಲವಲ್ಲ, ಅದಕ್ಕೆ ಎಂದು.

ರಸ್ತೆ ದಾಟಿ ಕಾರ್ಖಾನೆಯ ಗೇಟಿಗೆ ಹೋದೆ. ಒಳಗೆ ಯೂನಿಯನ್ನಿನವರು ಮೀಟಿಂಗ್ ಕರೆದಿದ್ದಾರೆ, ನಾಲ್ಕರವರೆಗೆ ಯಾರೂ ಹೊರಗೆ ಬರುವುದಿಲ್ಲ ಎಂದು ಕಾವಲಿನವನು ಹೇಳಿದ. ಅದನ್ನು ಹೇಳಲೆಂದು ತಿರುಗಿ ಬರುವಾಗ, ರಸ್ತೆಯ ನಡುವೆ, ನೆಲ ನನ್ನ ಪಾದಕ್ಕೆ ಹೊಡೆಯಿತು. ಸದ್ದು ಆಮೇಲೆ ಕೇಳಿಸಿತು. ಹೋಟೆಲಿನ ಹಿಂದುಗಡೆಯ ಶೀಟುಗಳು ಮೇಲೆ ಹೋಗಿ, ಅಲ್ಲೇ ಸ್ವಲ್ಪ ಹೊತ್ತು ನಿಂತ ಹಾಗೆ ಕಂಡವು.

ಒಳಗೆ ಬಿಳಿ ಹಬೆ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಅಡುಗೆಮನೆಯ ಗೋಡೆ ಊಟದ ಹಾಲಿನೊಳಕ್ಕೆ ಬಿದ್ದಿತ್ತು. ಇಬ್ಬರು ಸಪ್ಲೈಯರುಗಳ ಮುಖದಲ್ಲಿ ಗಾಜು. ಮೇಸ್ತ್ರಿಯನ್ನು ನಾವು ನಾಲ್ವರು ಟೇಬಲ್ಲಿನ ಹಲಗೆಯ ಮೇಲೆ ಎತ್ತಿ ತಂದೆವು. ಎಲ್ಲಿ ಹಿಡಿಯಬೇಕೆಂದು ಯಾರಿಗೂ ತಿಳಿಯಲಿಲ್ಲ. ಹಿಡಿದಲ್ಲೆಲ್ಲ ಚರ್ಮ ಕೈಗೆ ಬರುತ್ತಿತ್ತು. ಗೋಡೆ ಪಕ್ಕದವನಿಗೆ ಒಂದು ಗೀರೂ ಆಗಿರಲಿಲ್ಲ. ಅವನು ಹೊರಗೆ ನಿಂತು ತನ್ನ ವಾಚು ಒಳಗೇ ಉಳಿಯಿತು ಎನ್ನುತ್ತಿದ್ದ. ತುಮಕೂರಿಗೆ ಹೊರಟವನಂತೆ. ಬಸ್ಸು ತಪ್ಪಬಾರದೆಂದು ಅದನ್ನು ಎದುರಿಗಿಟ್ಟುಕೊಂಡಿದ್ದನಂತೆ.

ಬಾಯ್ಲರ್ ನೋಡಲು ಬಂದ ಅಧಿಕಾರಿಗೆ ಇಟ್ಟಿಗೆಯ ರಾಶಿಯಲ್ಲಿ ಸನ್ನೆ ಸಿಕ್ಕಿತು. ಗುಂಡಿನ ಪಕ್ಕದಲ್ಲಿ ತರಕಾರಿ ತೂಗುವ ಎರಡು ಕಿಲೋ ತೂಕದ ಬಟ್ಟನ್ನು ತಂತಿಯಿಂದ ಬಿಗಿಯಲಾಗಿತ್ತು. ದೋಸೆ ಹುಯ್ಯುವಾತ ಅಲ್ಲೇ ನಿಂತು ಎಲ್ಲ ಹೇಳಿದ. ಮಾಲೀಕರು ಬೈದು ಹೋದ ಮರುದಿನದಿಂದ ಮೇಸ್ತ್ರಿ ಪಾಳಿ ಬಿಡುವ ಮೊದಲು ಬಟ್ಟು ಕಟ್ಟಿ ಹಬೆಯನ್ನು ತಡೆದು ಕೂಡಿಡುತ್ತಿದ್ದರು. ಜನ ನುಗ್ಗಿ ಹಬೆ ಖರ್ಚಾಗತೊಡಗಿದ ಕೂಡಲೇ ಬಿಚ್ಚುತ್ತಿದ್ದರು. ಅವತ್ತು ಜನ ನುಗ್ಗಲಿಲ್ಲ. ಮಾವ ಕೂತಿದ್ದಾನೆಂದು ಅವರು ಬಿಚ್ಚಲೂ ಇಲ್ಲ.

ಮಾಲೀಕರು ಮುರಿದ ಗೋಡೆಯ ಎದುರು ಬಹಳ ಹೊತ್ತು ನಿಂತಿದ್ದರು. ಆಮೇಲೆ ನನಗೊಬ್ಬನಿಗೇ ಕೇಳುವಂತೆ ಹೇಳಿದರು, “ಇಲ್ಲಿಗೆ ನಮ್ಮವರು ನಾಲ್ಕು ದಿನದ ಹಿಂದೇನೇ ಬಂದು ಹೋಗಿದ್ರು ಕಣ್ರೀ. ಒಬ್ಬ ಹೆಂಗಸು, ಮಗು ಎತ್ಕೊಂಡು. ಕಾಫಿಗೆ ಹತ್ತಕ್ಕೆ ಹತ್ತು ಕೊಟ್ಟಿದ್ರು.”

ಆ ಪಟ್ಟಿಯಲ್ಲಿ ಅಡುಗೆಮನೆಗೆ ಒಂದು ಸಾಲೂ ಇರಲಿಲ್ಲ. ಗಿರಾಕಿ ಅಲ್ಲಿಗೆ ಹೋಗುವಂತಿರಲಿಲ್ಲವಲ್ಲ.

ಆಸ್ಪತ್ರೆಯಲ್ಲಿ ಮೇಸ್ತ್ರಿಯ ಮೈಗೆ ಬಟ್ಟೆ ತಾಗದಂತೆ ಕಮಾನಿನ ಮೇಲೆ ಹೊದಿಕೆ ಹಾಕಿದ್ದರು. ಅವರ ಹೆಂಡತಿ ಕಾಲ ಬಳಿ ಕೂತು ಗಾಳಿ ಬೀಸುತ್ತಿದ್ದರು. ನಾನು ಬಂದದ್ದು ದನಿಯಿಂದ ಗೊತ್ತಾಗಿರಬೇಕು. ಕಣ್ಣಿಗೆ ಕಟ್ಟು ಹಾಕಿತ್ತು.

“ಮಾವ ಏನಂದ ಸಾರ್? ಕಾಪಿ ಬಿಸಿ ಇತ್ತಂತಾ?”

“ಬಿಸಿ ಇತ್ತಂತೆ ಮೇಸ್ತ್ರಿ. ಹತ್ತಕ್ಕೆ ಹತ್ತು.”

“ಅಂಗಾರೆ ಕೆಲ್ಸ ಐತೆ,” ಎಂದು ಹೆಂಡತಿಯ ಕಡೆಗೆ ಮುಖ ತಿರುಗಿಸಿದರು. ಆ ವಾರ ದಾಟಲಿಲ್ಲ.

ಪೀಣ್ಯದ ಹೋಟೆಲು ಮತ್ತೆ ತೆರೆಯಲಿಲ್ಲ. ನನ್ನನ್ನು ಮಹದೇವಪುರದ ಕಡೆಯ ಹೋಟೆಲಿಗೆ ಹಾಕಿದರು. ಮಾಲೀಕರು ಹೊಸದೊಂದು ಪಟ್ಟಿ ಮಾಡಿಸಿದ್ದರು, ಇದು ಅಡುಗೆಮನೆಯದು. ಮೊದಲ ಸಾಲು ಬಾಯ್ಲರಿನ ಸನ್ನೆ. ದಿನವೂ ಒಲೆ ಹಚ್ಚುವ ಮೊದಲು ನಾನೇ ಅದನ್ನು ಕೈಯಿಂದ ಎತ್ತಿ ನೋಡಿ ಸಹಿ ಹಾಕಬೇಕಿತ್ತು. ಗುಟ್ಟಿನ ಗಿರಾಕಿಗಳು ಬರುವುದೂ ನಿಲ್ಲಲಿಲ್ಲ. ಯಾರಾದರೂ ವಾಚು ಬಿಚ್ಚಿದರೆ ನನ್ನ ಕಾಲು ತಾನಾಗಿ ಬಾಗಿಲ ಕಡೆ ತಿರುಗುತ್ತಿತ್ತು.

ನನ್ನ ಕೋಣೆ ಅಡುಗೆಮನೆಯ ಹಿಂದೆಯೇ. ಮಲಗಿದರೆ ಮತ್ತೆ ರಸ್ತೆಯ ನಡುವೆ ಇರುತ್ತಿದ್ದೆ, ಕಾವಲಿನವನ ಮಾತನ್ನು ಹೊತ್ತುಕೊಂಡು. ಕೆಲವೊಮ್ಮೆ ಓಡುತ್ತಿದ್ದೆ, ಆದರೂ ತಲುಪುತ್ತಿರಲಿಲ್ಲ. ಎಚ್ಚರಾದರೆ ಮತ್ತೆ ನಿದ್ದೆ ಬರುತ್ತಿರಲಿಲ್ಲ. ಬೆಳಗಿನ ಜಾವ ಒಲೆ ಹಚ್ಚುವ ಹೊತ್ತಿಗೆ ಎದ್ದು, ಸನ್ನೆ ನೋಡಿ ಬಂದು ಮತ್ತೆ ಹಾಸಿಗೆಯಲ್ಲಿ ಕೂತು ಕಾಯುತ್ತಿದ್ದೆ. ಬುಸುಗುಟ್ಟುವ ಸದ್ದು ಒಮ್ಮೆ ಕೇಳಿದರೆ ಸಾಕು, ಮೈ ಸಡಿಲವಾಗುತ್ತಿತ್ತು. ಅಷ್ಟು ಹೊತ್ತಿಗೆ ಬೆಳಗಾಗಿರುತ್ತಿತ್ತು.

ಮಳೆಗಾಲ ಮುಗಿದ ಮೇಲೆ ಒಂದು ಗುರುವಾರ ಹೋಟೆಲಿಗೆ ರಜೆ. ಬಾಯ್ಲರಿನ ನೀರನ್ನೆಲ್ಲ ಬಸಿದು ತೊಳೆಯಲು ಬಿಟ್ಟಿದ್ದರು. ಒಲೆ ತಣ್ಣಗಿತ್ತು. ರಾತ್ರಿ ಅದರ ಬಾಗಿಲು ತೆಗೆದು ಬೂದಿಯನ್ನು ಮುಟ್ಟಿ ನೋಡಿ ಬಂದು ಮಲಗಿದೆ. ಕಣ್ಣು ಬಿಟ್ಟಾಗ ಗೋಡೆಯ ಮೇಲೆ ಬಿಸಿಲಿತ್ತು.