ಉಸ್ತುವಾರಿ: ಚನಿಯಪ್ಪ

ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಟೈಮ್ ಕೀಪರ್ ಚನಿಯಪ್ಪನನ್ನು ಕೇಳದೆ ಆ ಕಡೆಯ ಹಳ್ಳಿಗಳಲ್ಲಿ ಯಾರೂ ಮದುವೆ ನಡೆಸುತ್ತಿರಲಿಲ್ಲ. ನಡೆಸಿದರೆ ಊಟ ತಡವಾಗುತ್ತದೆ ಎಂದು ಸ್ವತಃ ಚನಿಯಪ್ಪನೇ ಹೇಳುತ್ತಿದ್ದ. ಮದುವೆಯಾಗದ ಮನುಷ್ಯ. ಬಾಡಿಗೆ ಕೋಣೆಯಲ್ಲಿ ಕೂತು ಬೇರೆಯವರ ಮದುವೆಗೆ ಸ್ಕೇಲು ಹಿಡಿದು ಪಟ್ಟಿ ಗೀಟುತ್ತಿದ್ದ. ನಾಲ್ಕು ಕಾಲಂ: ಸಮಯ, ಕಾರ್ಯಕ್ರಮ, ಸ್ಥಳ, ಉಸ್ತುವಾರಿ.

“ಮುಹೂರ್ತ ಮೊದಲು ಬರೆಯಬೇಕು. ಅದು ಕೊನೆಯ ಬಸ್ಸು ಇದ್ದ ಹಾಗೆ. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕ್ತಾ ಬರುವುದು,” ಎನ್ನುತ್ತಿದ್ದ. ಒಂದು ಸಾಲಿಗೆ ಒಂದೇ ಹೆಸರು, ಏಕೆಂದರೆ ಎರಡು ಹೆಸರಿದ್ದರೆ ಕೆಲಸ ಯಾರದ್ದೂ ಅಲ್ಲ. ಇನ್ನೊಂದು ನಿಯಮ: ತನ್ನ ಸಾಲು ಮುಗಿಯುವ ತನಕ ಯಾರೂ ಜಾಗ ಬಿಡಬಾರದು. ನನ್ನನ್ನು ಎರಡು ಮದುವೆಗಳಲ್ಲಿ ಮಜ್ಜಿಗೆ ಬಡಿಸುವುದಕ್ಕೆ ಹಾಕಿದ್ದ. ನಾನು ಮಂಟಪದ ಕಡೆ ಇಣುಕಿದ್ದಕ್ಕೆ, ಟ್ರಿಪ್ ತಪ್ಪಿಸಿದ ಡ್ರೈವರನನ್ನು ನೋಡುವ ಹಾಗೆ ನೋಡಿದ್ದ.

೧೯೯೮ರಲ್ಲಿ ಅವನ ತಂಗಿ ಸೇಸಮ್ಮನ ಮಗಳು ದೀಪಶ್ರೀಯ ಮದುವೆ ವೇಣೂರಿನ ಒಂದು ಮದುವೆ ಹಾಲ್‌ನಲ್ಲಿ ಗೊತ್ತಾಯಿತು. ಗಂಡಿನ ಕಡೆಯವರು ನರಿಕೊಂಬಿನವರು. ನಮ್ಮಲ್ಲಿ ಹುಡುಗಿಯನ್ನು ಕೈಹಿಡಿದು ಮಂಟಪಕ್ಕೆ ಕರೆತರುವವನು ಸೋದರಮಾವ. ಎಷ್ಟೋ ಮದುವೆಗಳಲ್ಲಿ ಬೇರೆ ಮಾವಂದಿರ ಹೆಸರು ತುಂಬಿಸಿದ ಆ ಸಾಲಿನಲ್ಲಿ ಚನಿಯಪ್ಪ ಮೊದಲ ಸಲ ತನ್ನ ಹೆಸರು ಬರೆದ. ಬರೆದು, ಶಾಯಿ ಒಣಗುವ ತನಕ ಊದಿದನಂತೆ. ಬಿಳಿ ಪಂಚೆಯನ್ನು ಎರಡು ಸಲ ಇಸ್ತ್ರಿ ಮಾಡಿಸಿದ.

ಆದರೆ ಅದರ ಮೇಲಿನ ಸಾಲು ಹೀಗಿತ್ತು:

೧೦.೧೫ – ದಿಬ್ಬಣದ ಸ್ವಾಗತ (ಕಾರು ೧, ವ್ಯಾನು ೧) – ಗೇಟು – ಚನಿಯಪ್ಪ

“ಅಣ್ಣ, ಗೇಟಿಗೆ ಬೇರೆ ಯಾರನ್ನಾದ್ರೂ ಹಾಕುವ,” ಎಂದಳು ಸೇಸಮ್ಮ. “ನಮ್ಮ ದೊಡ್ಡಮ್ಮನ ಮಗ ಮೋನಪ್ಪ ಉಂಟಲ್ಲ?”

“ಅವನನ್ನು ಚಪ್ಪಲಿ ಕಾಯುವುದಕ್ಕೆ ಹಾಕಿದ್ದೇನೆ. ವಾಹನದ ವಿಷಯ ಗೊತ್ತಿರುವವರು ಬೇಕು ಮಾರಾಯ್ತಿ. ಹುಡುಗಿಯನ್ನು ಕರೆತರುವುದು ಹನ್ನೊಂದಕ್ಕೆ. ನಡುವೆ ಮುಕ್ಕಾಲು ಗಂಟೆ ಉಂಟು.”

ಮದುವೆಯ ದಿನ ಕಾರು ಸಮಯಕ್ಕೆ ಸರಿಯಾಗಿ ಬಂತು. ಮದುಮಗ ಇಳಿದ, ಆರತಿಯಾಯಿತು, ಒಳಗೆ ಹೋದ. ಅವನ ಅತ್ತೆ ಚಿಕ್ಕಮ್ಮಂದಿರಿದ್ದ ವ್ಯಾನು ಬರಲಿಲ್ಲ. ಸಿದ್ದಕಟ್ಟೆಯ ಹತ್ತಿರ ಟಯರು ಪಂಕ್ಚರ್ ಎಂದು ಕಾರಿನವರು ಹೇಳಿದರು. ಚನಿಯಪ್ಪ ಪಟ್ಟಿಯಲ್ಲಿ ಅರ್ಧ ಗುರುತು ಹಾಕಿ ರಸ್ತೆ ನೋಡುತ್ತಾ ನಿಂತ.

ಹನ್ನೊಂದಾಯಿತು. ಆರತಿ ಹಿಡಿದಿದ್ದ ನೆರೆಮನೆಯ ವಾರಿಜಾಕ್ಷಿ ಒಳಗಿನಿಂದ ಓಡಿ ಬಂದಳು. “ಚನಿಯಪ್ಪಣ್ಣ, ಭಟ್ರು ಕರೀತಿದ್ದಾರೆ!”

“ವ್ಯಾನು ಬರ್ಲಿಲ್ಲ. ಸಾಲು ಮುಗೀಲಿಲ್ಲ.”

“ಸಾಲಂತೆ, ನಿಮ್ಮ ತಲೆ! ಹುಡುಗಿ ಬಾಗಿಲಲ್ಲಿ ನಿಂತಿದ್ದಾಳೆ. ಗೇಟಿನಲ್ಲಿ ನಾನು ನಿಲ್ತೇನೆ, ನೀವು ಹೋಗಿ.”

“ನಿಮ್ಮ ಹೆಸರು ಇಲ್ಲಿಲ್ಲವಲ್ಲ,” ಎಂದ ಚನಿಯಪ್ಪ. ಅವನು ತಮಾಷೆ ಮಾಡುವವನಲ್ಲ. ಅಷ್ಟರಲ್ಲಿ ತಿರುವಿನಲ್ಲಿ ಹಾರ್ನ್ ಕೇಳಿತು. “ಇಕೊಳ್ಳಿ, ಬಂತು. ಎರಡೇ ನಿಮಿಷ.”

ಬಂದದ್ದು ಮರಳಿನ ಲಾರಿ. ವ್ಯಾನು ಅದರ ಹಿಂದೆಯೂ ಇರಲಿಲ್ಲ, ಅದರ ಹಿಂದಿನದರ ಹಿಂದೆಯೂ ಇರಲಿಲ್ಲ. ಕೊನೆಗೆ ಬಂತು. ಚನಿಯಪ್ಪ ಎಲ್ಲರಿಗೂ ಕೈಮುಗಿದು ಇಳಿಸಿಕೊಂಡ, ಗುರುತು ಪೂರ್ತಿ ಮಾಡಿದ, ಆಮೇಲೆ ಪಂಚೆ ಎತ್ತಿ ಓಡಿದ. ಒಳಗೆ ವಾದ್ಯ ಜೋರಾಗಿತ್ತು. ಬಾಗಿಲಿಗೆ ಬಂದವನಿಗೆ ಕಂಡದ್ದು ಬೆನ್ನುಗಳು: ದೀಪಶ್ರೀಯ ಹಸಿರು ಸೀರೆ, ಅವಳ ಕೈಹಿಡಿದು ಮಂಟಪದ ಮೆಟ್ಟಿಲು ಹತ್ತುತ್ತಿದ್ದ ಮೋನಪ್ಪ. ಚಪ್ಪಲಿಯ ಉಸ್ತುವಾರಿ ಬರಿಗಾಲಲ್ಲಿದ್ದ. ಮುಹೂರ್ತ ಒಂದು ನಿಮಿಷವೂ ತಪ್ಪಲಿಲ್ಲ.

ಚನಿಯಪ್ಪ ಹೊರಗೆ ಹೋಗಿ ಚಪ್ಪಲಿಗಳ ಹತ್ತಿರ ನಿಂತ. ಅಲ್ಲಿ ಯಾರಾದರೂ ಬೇಕಲ್ಲ.

ಮಧ್ಯಾಹ್ನ ಹೊರಡುವ ಮೊದಲು ದೀಪಶ್ರೀ ಅವನ ಕಾಲಿಗೆ ನಮಸ್ಕರಿಸಿದಳು. “ನಾನು ಕಾದೆ ಮಾವ,” ಎಂದಳು.

“ಎಷ್ಟು ಹೊತ್ತು?” ಎಂದುಬಿಟ್ಟ ಚನಿಯಪ್ಪ.

ಅವಳು ಅವನ ಕೈಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು, ಕಾರು ಹತ್ತಿದಳು.

ಹಾಲ್ ಖಾಲಿಯಾದ ಮೇಲೆ ಅವನು ರೂಢಿಯಂತೆ ಗೋಡೆಗಳಿಗೆ ಅಂಟಿಸಿದ್ದ ಪಟ್ಟಿಗಳನ್ನು ಕೀಳಲು ಹೋದ. ಅಡಿಗೆಮನೆಯ ಗೋಡೆಯದ್ದಕ್ಕೆ ಸಾಂಬಾರು ಹಾರಿತ್ತು. ಬಸ್‌ಸ್ಟ್ಯಾಂಡಿನ ಪುಸ್ತಕದಲ್ಲಿ ಹೊರಡಬೇಕಾಗಿದ್ದ ಬಸ್ಸನ್ನಲ್ಲ, ನಿಜವಾಗಿ ಹೊರಟ ಬಸ್ಸನ್ನು ಬರೆಯುವುದು ಅವನ ಕೆಲಸ. ಅದೇ ಪೆನ್ನಿನಿಂದ ಹನ್ನೊಂದು ಗಂಟೆಯ ಸಾಲಿನಲ್ಲಿ ತನ್ನ ಹೆಸರನ್ನು ಹೊಡೆದು, ‘ಮೋನಪ್ಪ’ ಎಂದು ಬರೆದ. ಈ ಸಲ ಊದಲಿಲ್ಲ. ಹಾಗೇ ಮಡಚಿದ್ದರಿಂದ ಶಾಯಿ ಎರಡೂ ಕಡೆ ಹತ್ತಿತು.

ಮೂಡುಬಿದಿರೆಯ ಬಸ್ಸಿನಲ್ಲಿ ಕಂಡಕ್ಟರ್ ಪಕ್ಕಕ್ಕೆ ಬಂದು ಕೂತ. “ಹೇಗೆ ಚನಿಯಪ್ಪಣ್ಣ, ತಂಗಿ ಮಗಳ ಮದುವೆ ಟೈಮಿಗೆ ಸರಿ ಆಯ್ತಾ?”

“ಆಯ್ತು,” ಎಂದ ಚನಿಯಪ್ಪ. “ನಿಮ್ಮದು ನಾಲ್ಕು ನಿಮಿಷ ಲೇಟ್ ಉಂಟು.”