ಕತ್ತರಿ ಅಕ್ಕ ಮತ್ತು ಗುರುತೇ ಇಲ್ಲದ ಬೆಸುಗೆ

ನಮ್ಮ ಧ್ವನಿಮುದ್ರಣದ ಸ್ಟುಡಿಯೋ ಔಷಧಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿದೆ. ಅಲ್ಲಿ ಸಂಕಲನ ಮಾಡುವವರನ್ನು ನಾವೆಲ್ಲ ಕತ್ತರಿ ಅಕ್ಕ ಎನ್ನುತ್ತೇವೆ. ರೇಡಿಯೋದಲ್ಲಿ ಬಹಳ ಕಾಲ ದುಡಿದವರು. ಯಾರಾದರೂ ಬಾಗಿಲು ಜೋರಾಗಿ ಹಾಕಿದರೆ, "ಮನೇಲಿ ಬಾಗ್ಲೇ ಇಲ್ವೇನಪ್ಪಾ ನಿಂಗೆ?" ಎಂದು ಗದರುತ್ತಾರೆ. ಅವರದೊಂದು ಕಟ್ಟುನಿಟ್ಟು: ಮಾತಾಡಿದವರು ಕೊನೆಯ ಪ್ರತಿಯನ್ನು ಕೇಳದೆ ಯಾವುದೂ ಹೊರಗೆ ಹೋಗಕೂಡದು.

ಈಗಿನ ತಂತ್ರಾಂಶದಲ್ಲಿ ಕತ್ತರಿಸುವುದು ಬಲು ಸುಲಭ. ಮುದ್ರಿಸಿದ ಮಾತು ತಾನೇ ಅಕ್ಷರವಾಗಿ ಪರದೆಯ ಮೇಲೆ ಬರುತ್ತದೆ. ಅದರ ತಪ್ಪುಗಳನ್ನು ತಿದ್ದುವುದು ನನ್ನ ಕೆಲಸ. ಬೇಡದ ಪದವನ್ನು ಅಲ್ಲಿ ಅಳಿಸಿದರೆ ಅದರ ಸದ್ದೂ ಹೋಗುತ್ತದೆ. ಮೊದಲೆಲ್ಲ ಕತ್ತರಿಸಿದ ಜಾಗದಲ್ಲಿ ಉಸಿರು ತುಂಡಾಗುತ್ತಿತ್ತು, ದನಿ ಎಗರುತ್ತಿತ್ತು. ಈಗ ಯಂತ್ರವು ಮಾತಾಡಿದವರ ದನಿಯನ್ನೇ ಕಲಿತು, ಆಚೀಚಿನ ಒಂದೆರಡು ಪದಗಳನ್ನು ಹೊಸದಾಗಿ ನುಡಿಸಿ ನುಣ್ಣಗೆ ಬೆಸೆಯುತ್ತದೆ. ಕೆಮ್ಮು, ತೊದಲು ತೆಗೆಯಲು ಅಕ್ಕನೂ ಅದನ್ನು ಬಳಸುತ್ತಿದ್ದರು.

ಒಂದು ಖಾಸಗಿ ಆಸ್ಪತ್ರೆಯವರು ತಮ್ಮ ನಿವೃತ್ತ ಹಿರಿಯ ನರ್ಸ್ ಒಬ್ಬರ ಮಾತನ್ನು ನಮ್ಮಲ್ಲಿ ಧ್ವನಿಮುದ್ರಣ ಮಾಡಿಸಿದರು. ಹೊಸದಾಗಿ ಸೇರುವ ನರ್ಸುಗಳಿಗೆ ಕೇಳಿಸುವುದಕ್ಕೆ. ತಿದ್ದುಪಡಿ ನೋಡಲೆಂದು ಆಸ್ಪತ್ರೆಯ ಪ್ರಚಾರಾಧಿಕಾರಿಗೂ ಆ ಕಡತ ತೆರೆದು ತಿದ್ದುವ ಅನುಮತಿ ಕೊಟ್ಟಿದ್ದೆವು.

ಕೊನೆಯ ಪ್ರತಿ ಕೇಳಲು ನರ್ಸಮ್ಮ ಬಂದರು. ಅಧಿಕಾರಿಯೂ ಬಂದು ಮೂಲೆಯಲ್ಲಿ ಕಾಲಮೇಲೆ ಕಾಲು ಹಾಕಿ ಕೂತರು. ಅಕ್ಕ ನರ್ಸಮ್ಮನಿಗೆ ಹೆಡ್‌ಫೋನ್ ಕೊಟ್ಟು, ಉಳಿದವರಿಗೆ ಸ್ಪೀಕರಿನಲ್ಲಿ ಧ್ವನಿ ಹಚ್ಚಿದರು. ನಡುವೆ, ಒಬ್ಬ ರೋಗಿಗೆ ಇಂಜೆಕ್ಷನ್ ಕೊಟ್ಟ ಕಥೆ ಬಂದಾಗ, ನರ್ಸಮ್ಮನ ದನಿ ತಣ್ಣಗೆ ಹೇಳಿತು: "ಡೋಸ್ ಜಾಸ್ತಿ ಕೊಟ್ಟೆ. ಆ ಹೆಣ್ಣುಮಗಳಿಗೆ ಕಿವಿ ಹೋಯ್ತು."

ನರ್ಸಮ್ಮನ ಮುಖ ಬಿಳಿಚಿಕೊಂಡಿತು. "ಹಿಂಗೆ ಹೇಳಿದ್ನಾ ನಾನು?"

"ನಿಮ್ದೇ ದನಿ ಅಲ್ವಾ ಸಿಸ್ಟರ್?" ಅಧಿಕಾರಿ ನಕ್ಕರು.

"ನಂದೇ. ವಯಸ್ಸಾಯ್ತು ನೋಡಿ, ಬಾಯಿ ತಪ್ಪಿರ್ಬೇಕು. ಅಯ್ಯೋ, ಹೊಸ ಹುಡ್ಗೀರು ನನ್ನ ಏನಂದ್ಕೋತಾರೆ?"

ತಾವು ಆಡದ ಮಾತಿಗೆ ಅವರು ತಮ್ಮನ್ನೇ ಶಂಕಿಸಿಕೊಳ್ಳುತ್ತಿದ್ದರು. ಆ ಸಾಲನ್ನು ನಾನೇ ತಿದ್ದಿದ್ದೆ, ನನಗೆ ನೆನಪಿತ್ತು. "ಅಕ್ಕಾ, ಅಲ್ಲಿ ಇನ್ನೂ ಮಾತಿತ್ತು," ಎಂದೆ.

ಅಕ್ಕ ಅಳಿಸಿದ ಪದಗಳನ್ನು ತೋರಿಸುವ ಗುಂಡಿ ಒತ್ತಿದರು. ಮಧ್ಯದ ಸಾಲು ಅಡ್ಡಗೆರೆ ಹೊತ್ತು ಎದ್ದುಬಂತು. ಅದನ್ನು ಮರಳಿ ಸೇರಿಸಿ ಮತ್ತೆ ಕೇಳಿಸಿದರು:

"ಡೋಸ್ ಜಾಸ್ತಿ ಅನ್ನಿಸ್ತು. ಡಾಕ್ಟರಿಗೆ ಹೇಳ್ದೆ. ಹೇಳಿದಷ್ಟು ಮಾಡು ಅಂದ್ರು. ಕೊಟ್ಟೆ. ಆ ಹೆಣ್ಣುಮಗಳಿಗೆ ಕಿವಿ ಹೋಯ್ತು." ಈ ಸಲ 'ಕೊಟ್ಟೆ' ಎನ್ನುವಾಗ ಗಂಟಲು ಕಟ್ಟಿತ್ತು.

"ಒಂದೇ ಒಂದು ಪದಾನೂ ಸೇರ್ಸಿಲ್ಲ ನಾನು," ಅಧಿಕಾರಿ ಕೈ ಅಲ್ಲಾಡಿಸಿದರು. "ಸ್ವಲ್ಪ ಚಿಕ್ಕದು ಮಾಡ್ದೆ, ಅಷ್ಟೇ. ಆ ಡಾಕ್ಟರ್ ಈಗ ನಮ್ಮ ಆಡಳಿತ ಮಂಡಳೀಲಿದಾರೆ ಮೇಡಂ, ಅರ್ಥ ಮಾಡ್ಕೊಳ್ಳಿ."

"ಸೇರ್ಸಿದೀರ ಸಾರ್," ಎಂದರು ಅಕ್ಕ. "ಮೊದ್ಲು ಕೇಳ್ಸಿದ್ನಲ್ಲಾ, ಆ 'ಕೊಟ್ಟೆ' ಇವರ ಬಾಯಿಂದ ಬಂದಿದ್ದಲ್ಲ. ಯಂತ್ರ ಹೇಳಿದ್ದು. ಇವರ ಗಂಟಲು ಕಟ್ಟಿದ್ದನ್ನೂ ಒರಸಿ ಹಾಕಿದೆ."

"ಅದೆಲ್ಲ ಯಾರಿಗ್ರೀ ಗೊತ್ತಾಗುತ್ತೆ?"

"ಅವರಿಗೇ ಗೊತ್ತಾಗ್ಲಿಲ್ಲ! ಥೂ, ನಾಚ್ಕೆ ಆಗಲ್ವಾ ನಿಮ್ಗೆ?"

ಸ್ಟುಡಿಯೋ ಮಾಲೀಕರು ಕಾಫಿ ಹಿಡಿದು ಒಳಗೆ ಬಂದವರು ಬಾಗಿಲಲ್ಲೇ ನಿಂತರು. ಗಿರಾಕಿಗೆ ಅಕ್ಕ ಹೀಗೆ ಮಾತಾಡಿದ್ದನ್ನು ಅವರು ಎಂದೂ ಕೇಳಿರಲಿಲ್ಲ. "ಅಲ್ಲಮ್ಮಾ, ಮೆತ್ತಗೆ..." ಎಂದು ಗೊಣಗಿದರು.

ಅಧಿಕಾರಿ ಉಪಾಯ ಹೂಡಿದರು. "ಆಯ್ತು, ಆ ಕಥೇನೇ ಪೂರ್ತಿ ತೆಗೆದ್ಬಿಡಿ. ಸಿಸ್ಟರ್‌ಗೂ ಮುಜುಗರ ಇಲ್ಲ, ನಮ್ಗೂ ಇಲ್ಲ."

ಎಲ್ಲರೂ ನರ್ಸಮ್ಮನ ಕಡೆ ನೋಡಿದೆವು. ಅವರು ಕಿವಿಯ ಮೇಲಿದ್ದ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು.

"ಅದನ್ನ ಹೇಳೋಕೇ ಅಲ್ವೇನಪ್ಪಾ ನಾನು ಬಂದಿದ್ದು? ಡೋಸ್ ಜಾಸ್ತಿ ಅನ್ಸಿದ್ರೆ ಕೈ ತಡೀರಿ, ಯಾರು ಬೈದ್ರೂ ಕೊಡ್ಬೇಡಿ ಅಂತ. ನಾನು ತಡೀಲಿಲ್ಲ. ಅದು ನನ್ನ ತಪ್ಪು, ಒಪ್ಕೋತೀನಿ. ಆದ್ರೆ ಆ ಡಾಕ್ಟರ್ ಪಾಲು ಯಾಕೆ ನನ್ನ ತಲೆಗೆ ಕಟ್ತೀರಿ? ಇದ್ರೆ ಪೂರ್ತಿ ಇರ್ಲಿ. ಇಲ್ಲಾಂದ್ರೆ ನನ್ನ ದನೀನೇ ಬೇಡ."

ಅಧಿಕಾರಿ ಫೋನು ಹಿಡಿದು ಹೊರಗೆ ಹೋದರು, ತಿರುಗಿ ಬಂದರು. "ಮೇಲಿನವರು ಪೂರ್ತಿ ಇಡೋದು ಬೇಡ ಅಂತಾರೆ. ಇರ್ಲಿ, ಬೇರೆ ಯಾರನ್ನಾದ್ರೂ ಮಾತಾಡ್ಸೋಣ." ಹೋಗುವ ಮುನ್ನ ಅಕ್ಕನ ಮೇಜಿನ ಬಳಿ ಬಗ್ಗಿ, "ಏನೇ ಹೇಳಿ, ಬೆಸುಗೆ ಮಾತ್ರ ಬೆಣ್ಣೆ ಹಂಗಿತ್ತು," ಎಂದರು.

ಅಕ್ಕ ಪರದೆಯ ಕಡೆ ತಿರುಗಿದರು. ಯಂತ್ರ ಕಲಿತಿದ್ದ ನರ್ಸಮ್ಮನ ದನಿಯನ್ನು ಹುಡುಕಿ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರ ಕಣ್ಣೆದುರಿಗೇ ಅಳಿಸಿದರು. ಆಮೇಲೆ ಎದ್ದು ಹೋಗಿ, ಏನೋ ಮೆತ್ತಿಕೊಂಡವರಂತೆ ಸಾಬೂನು ಹಾಕಿ ಕೈ ತೊಳೆದರು.